ಕಲ್ಲು ಉರುಳುತ್ತಾ, ಸಿಕ್ಕಿಕೊಂಡಿದೆಯಾ?

ಹುತ್ತರಿ ಹಬ್ಬ ಮುಗಿದ ಮಾರನೆಯ ದಿನ ನಮ್ಮ ಸ್ಕ್ಯಾನಿಂಗ್ ರೂಮಿನ ಮುಂದಿನ ಬೆಂಚು ಖಾಲಿ ಇರುವುದು ಕಡಿಮೆ. ರಾತ್ರಿ ಪಂದಿ ಕರಿ, ಕಡಂಬುಟ್ಟು ಚೆನ್ನಾಗಿ ಉಂಡವರಲ್ಲಿ ಒಬ್ಬರಾದರೂ ಬಲ ಪಕ್ಕೆ ಹಿಡಿದುಕೊಂಡು ಬಂದಿರುತ್ತಾರೆ. ನಾನು ಮಡಿಕೇರಿಯಲ್ಲಿ ಅಲ್ಟ್ರಾಸೌಂಡ್ ಮಾಡುವ ಡಾಕ್ಟರು. ಸ್ಕ್ಯಾನ್ ಮುಗಿದ ಮೇಲೆ ರಿಪೋರ್ಟ್ ಕೈಗೆ ಕೊಟ್ಟರೆ ಬಹಳ ಜನ ಅದರಲ್ಲಿ ಎರಡೇ ವಿಷಯ ಓದುತ್ತಾರೆ. ಪಿತ್ತಕೋಶದಲ್ಲಿ ಕಲ್ಲು ಇದೆಯಾ? ಅದರ ಗೋಡೆ ದಪ್ಪ ಎಂದು ಬರೆದಿದ್ದಾರಾ? ಎರಡೂ ಇದ್ದರೆ ಮುಗಿಯಿತು, ಆಪರೇಷನ್ನೇ ಗತಿ ಎಂದು ತೀರ್ಮಾನ ಮಾಡಿಕೊಂಡು ಎದ್ದು ಹೋಗುತ್ತಾರೆ.

ಕಲ್ಲೂ ಇದ್ದು, ಗೋಡೆಯೂ ದಪ್ಪ ಇದ್ದ ಇಬ್ಬರು ಹೆಂಗಸರು ಒಂದೇ ವರ್ಷ ನನ್ನ ಹತ್ತಿರ ಬಂದಿದ್ದರು. ಒಬ್ಬರಿಗೆ ತಡ ಮಾಡದೆ ಆಪರೇಷನ್ ಬೇಕಿತ್ತು. ಇನ್ನೊಬ್ಬರಿಗೆ ಆಪರೇಷನ್ ಮಾಡಿದ್ದರೆ ಪ್ರಾಣಕ್ಕೇ ಕುತ್ತು ಬರಬಹುದಿತ್ತು.

ಮೊದಲು ಪಿತ್ತಕೋಶದ ಬಗ್ಗೆ ಸ್ವಲ್ಪ. ಲಿವರ್‌ನ ಕೆಳಗೆ ಅಂಟಿಕೊಂಡಿರುವ, ಪೇರಳೆ ಹಣ್ಣಿನ ಆಕಾರದ ಪುಟ್ಟ ಚೀಲ ಅದು. ಲಿವರ್ ಮಾಡುವ ಪಿತ್ತರಸವನ್ನು ಗಟ್ಟಿ ಮಾಡಿ ಇಟ್ಟುಕೊಳ್ಳುತ್ತದೆ. ಹಿಡಿಯುವುದು 30ರಿಂದ 50 ಮಿಲಿಲೀಟರ್ ಅಷ್ಟೇ. ಕೊಬ್ಬಿನ ಊಟ ಹೊಟ್ಟೆಗೆ ಬಿದ್ದಾಗ ಚೀಲ ಹಿಂಡಿಕೊಂಡು ಪಿತ್ತರಸವನ್ನು ಕರುಳಿಗೆ ಬಿಡುತ್ತದೆ. ಗಟ್ಟಿಯಾದ ಪಿತ್ತರಸದಲ್ಲಿ ಕೊಲೆಸ್ಟ್ರಾಲ್ ಜಾಸ್ತಿಯಾಗಿ ಹರಳು ಕಟ್ಟಿದರೆ ನಿಧಾನವಾಗಿ ಕಲ್ಲಾಗುತ್ತದೆ.

ಸ್ಕ್ಯಾನ್‌ನಲ್ಲಿ ಪಿತ್ತರಸ ಕಪ್ಪಗೆ ಕಾಣುತ್ತದೆ, ಕಲ್ಲು ಬೆಳ್ಳಗೆ. ಕಲ್ಲಿನ ಹಿಂದೆ ಉದ್ದಕ್ಕೆ ಒಂದು ಕಪ್ಪು ಪಟ್ಟಿ ಇಳಿದಿರುತ್ತದೆ. ಅದು ನೆರಳು. ತೋಟದಲ್ಲಿ ಸಿಲ್ವರ್ ಓಕ್ ಮರ ಬಿಸಿಲನ್ನು ತಡೆದು ಕಾಫಿ ಗಿಡದ ಮೇಲೆ ನೆರಳು ಹಾಕುತ್ತದಲ್ಲ, ಹಾಗೆ ಕಲ್ಲು ಶಬ್ದದ ಅಲೆಯನ್ನು ಮುಂದಕ್ಕೆ ಬಿಡುವುದಿಲ್ಲ. ತುಂಬಾ ಸಣ್ಣ ಕಲ್ಲಾದರೆ ನೆರಳು ಸರಿಯಾಗಿ ಬೀಳದೆಯೂ ಇರಬಹುದು. ಆಮೇಲೆ ನಾವು ಮಲಗಿದವರನ್ನು ಎಡ ಮಗ್ಗುಲಿಗೆ ತಿರುಗಿಸುತ್ತೇವೆ. ಕಲ್ಲಾದರೆ ಉರುಳಿ ಹೊಸ ಜಾಗಕ್ಕೆ ಬೀಳುತ್ತದೆ. ಗೋಡೆಗೆ ಅಂಟಿ ಬೆಳೆದ ಸಣ್ಣ ಗಂಟು, ಅಂದರೆ ಪಾಲಿಪ್ ಆದರೆ ಅಲ್ಲಾಡುವುದಿಲ್ಲ, ನೆರಳೂ ಹಾಕುವುದಿಲ್ಲ. ಸ್ಕ್ಯಾನ್ ಮಾಡುವಾಗ "ಆ ಕಡೆ ತಿರುಗಿ" ಎನ್ನುವುದು ಈ ಉರುಳಾಟ ನೋಡುವುದಕ್ಕೆ.

ಈಗ ಗೋಡೆ. ಖಾಲಿ ಹೊಟ್ಟೆಯಲ್ಲಿ ಆರೋಗ್ಯವಂತ ಪಿತ್ತಕೋಶದ ಗೋಡೆ 3 ಮಿಲಿಮೀಟರ್ ಮೀರುವುದಿಲ್ಲ. ಅಳೆಯುವುದು ಲಿವರ್‌ಗೆ ತಾಗಿಕೊಂಡಿರುವ ಮುಂದಿನ ಗೋಡೆಯನ್ನು. ಹಿಂದಿನ ಗೋಡೆಯ ಹತ್ತಿರ ಕರುಳಿನ ಗಾಳಿ ಬಂದು ಗೆರೆ ಮಸುಕಾಗುತ್ತದೆ. ಅಲೆ ಗೋಡೆಗೆ ನೇರವಾಗಿ ಬೀಳಬೇಕು. ಓರೆಯಾಗಿ ಹಿಡಿದು ಅಳೆದರೆ ಇಲ್ಲದ ದಪ್ಪ ಕಾಣಿಸುತ್ತದೆ.

ಖಾಲಿ ಹೊಟ್ಟೆ ಎಂದೆನಲ್ಲ, ಕೊಡಗಿನಲ್ಲಿ ಇದೊಂದು ದೊಡ್ಡ ತಕರಾರು. 6ರಿಂದ 8 ಗಂಟೆ ಏನೂ ತಿನ್ನದೆ ಬನ್ನಿ ಎಂದರೆ ತಿನ್ನದೆಯೇ ಬರುತ್ತಾರೆ. ಆದರೆ ಕಾಫಿ ಕುಡಿದಿರುತ್ತಾರೆ. ನಾನು ಹೊಸದಾಗಿ ಈ ಕೆಲಸಕ್ಕೆ ಸೇರಿದ ಕಾಲದಲ್ಲಿ ಒಬ್ಬ ಹಿರಿಯರ ಪಿತ್ತಕೋಶ ಮುದುಡಿಕೊಂಡು, ಗೋಡೆ 4.5 ಮಿಲಿಮೀಟರ್ ಕಂಡಿತ್ತು. ಗೋಡೆ ದಪ್ಪವಾಗಿದೆ ಎಂದು ಬರೆದುಬಿಟ್ಟೆ. ಮನೆಯವರೆಲ್ಲ ಗಾಬರಿಯಾದರು. ಸಂಜೆ ಅನುಮಾನ ಬಂದು ಫೋನ್ ಮಾಡಿ ಕೇಳಿದರೆ, "ಏನೂ ತಿಂದಿಲ್ಲ ಡಾಕ್ಟ್ರೇ, ಬರೀ ಒಂದು ಲೋಟ ಹಾಲು ಕಾಫಿ" ಎಂದರು. ಹಾಲಿನ ಕೊಬ್ಬು ಸಾಕು, ಚೀಲ ಹಿಂಡಿಕೊಳ್ಳುತ್ತದೆ. ಬರೀ ಕಾಫಿಯೂ ಅದನ್ನು ಹಿಂಡಬಲ್ಲದು. ಗಾಳಿ ಬಿಟ್ಟ ಬಲೂನಿನ ರಬ್ಬರ್ ದಪ್ಪ ಕಾಣುವ ಹಾಗೆ ಮುದುಡಿದ ಗೋಡೆಯೂ ದಪ್ಪ ಕಾಣುತ್ತದೆ. ಮಾರನೆಯ ಬೆಳಿಗ್ಗೆ ನೀರು ಮಾತ್ರ ಕುಡಿದು ಬಂದರು. ಗೋಡೆ 2 ಮಿಲಿಮೀಟರ್! ಅಂದಿನಿಂದ ನನ್ನ ಮೊದಲ ಪ್ರಶ್ನೆ ಕಾಫಿಯದೇ.

ಹುತ್ತರಿ ಮಾರನೆಯ ದಿನ ಬಂದವರ ಕಥೆಗೆ ಬರೋಣ. ಪೊನ್ನಂಪೇಟೆ ಕಡೆಯವರು, ವಯಸ್ಸು 46. ಎರಡು ವರ್ಷದಿಂದ ಆಗಾಗ ಊಟದ ಮೇಲೆ ಹೊಟ್ಟೆಯ ಮೇಲ್ಭಾಗ ಹಿಂಡಿದಂತೆ ನೋವು ಬರುತ್ತಿತ್ತಂತೆ. ಒಂದೆರಡು ಗಂಟೆ ಇದ್ದು ತಾನೇ ಹೋಗುತ್ತಿತ್ತು. ಗ್ಯಾಸ್ ಅಂತ ಓಮದ ನೀರು ಕುಡಿದು ಸುಮ್ನೆ ಇದ್ದರು. ಆ ದಿನದ ನೋವು ಮಾತ್ರ ರಾತ್ರಿ 11 ಗಂಟೆಗೆ ಶುರುವಾದದ್ದು ಮಧ್ಯಾಹ್ನ ಒಂದಾದರೂ ಬಿಟ್ಟಿರಲಿಲ್ಲ. ಜೊತೆಗೆ ಸಣ್ಣ ಜ್ವರ, ಎರಡು ಸಲ ವಾಂತಿ, ಬಲ ಭುಜದ ಮೂಳೆಯ ಕೆಳಗೂ ಎಳೆತ. ಕಲ್ಲಿನ ಸಾಮಾನ್ಯ ನೋವು ಐದಾರು ಗಂಟೆ ದಾಟಿದರೆ ನಮ್ಮ ಕಿವಿ ನೆಟ್ಟಗಾಗುತ್ತದೆ.

ಹೊಟ್ಟೆಯ ಮೇಲೆ ಸ್ಕ್ಯಾನ್ ಮಾಡುವ ಪ್ರೋಬ್ ಇಟ್ಟೆ. ಪಿತ್ತಕೋಶ ಉಬ್ಬಿ 10 ಸೆಂಟಿಮೀಟರ್ ಉದ್ದ, 4.6 ಅಗಲ ಆಗಿತ್ತು. ಉದ್ದ 8, ಅಗಲ 4 ಸೆಂಟಿಮೀಟರ್ ಮುಟ್ಟಿದರೇ ಹಿಗ್ಗಿದೆ ಎನ್ನುತ್ತೇವೆ. ಚೀಲದ ಕುತ್ತಿಗೆಯಲ್ಲಿ 14 ಮಿಲಿಮೀಟರ್‌ನ ಕಲ್ಲು. ಎಡ ಮಗ್ಗುಲಿಗೆ ತಿರುಗಿಸಿದೆ, ಅದು ಅಲ್ಲಾಡಲಿಲ್ಲ. ಎದ್ದು ಕೂರಿಸಿದೆ, ಆಗಲೂ ಅಲ್ಲೇ. ಸೀಸೆಯ ಬಾಯಿಗೆ ಬಿರಡೆ ಹಾಕಿದಂತೆ ಕೂತಿತ್ತು. ಗೋಡೆ 5.5 ಮಿಲಿಮೀಟರ್, ಅದರ ಹೊರಗೆ ತೆಳ್ಳಗೆ ಒಂದು ಎಳೆ ನೀರು.

ಒಳಗೆ ಆಗಿದ್ದು ಇಷ್ಟು. ಬಾಯಿ ಮುಚ್ಚಿದೆ, ಪಿತ್ತರಸ ಹೊರಗೆ ಹೋಗುವಂತಿಲ್ಲ. ಒಳಗಿನ ಒತ್ತಡ ಏರುತ್ತದೆ, ಗಟ್ಟಿ ಪಿತ್ತರಸ ಒಳಪದರವನ್ನು ಸುಡುತ್ತದೆ. ಒತ್ತಡಕ್ಕೆ ಗೋಡೆಯ ರಕ್ತನಾಳಗಳು ಅದುಮಿ, ಪದರಗಳ ನಡುವೆ ನೀರು ತುಂಬಿ ಗೋಡೆ ಊದಿಕೊಳ್ಳುತ್ತದೆ. ಇದೇ ಉರಿಯೂತ. ಶುರುವಿನಲ್ಲಿ ಇಲ್ಲಿ ರೋಗಾಣುಗಳ ಕೈವಾಡ ಇರಲೇಬೇಕೆಂದಿಲ್ಲ, ಅವು ಆಮೇಲೆ ಸೇರಿಕೊಳ್ಳಬಹುದು. ಆದ್ದರಿಂದಲೇ ಬರೀ ಆಂಟಿಬಯಾಟಿಕ್ ಕೊಟ್ಟರೆ ಬಿರಡೆ ಬಿಚ್ಚುವುದಿಲ್ಲ.

ಕೊನೆಗೆ ಬೆರಳಿನ ಪರೀಕ್ಷೆ, ಆದರೆ ಬೆರಳಿನ ಬದಲು ಪ್ರೋಬ್. ಪರದೆಯ ಮೇಲೆ ಪಿತ್ತಕೋಶ ನೇರ ಕಾಣುತ್ತಿರುವಾಗ ಅದರ ಮೇಲೇ ಒತ್ತಿ, ಉಸಿರು ಎಳೆದುಕೊಳ್ಳಿ ಎನ್ನುತ್ತೇವೆ. ಉಸಿರು ಎಳೆದಾಗ ಲಿವರ್ ಜೊತೆ ಪಿತ್ತಕೋಶ ಕೆಳಗಿಳಿದು ಪ್ರೋಬ್‌ಗೆ ತಾಗುತ್ತದೆ. ಇವರು ಅರ್ಧ ಉಸಿರಿಗೇ "ಅಯ್ಯೋ" ಎಂದು ನಿಲ್ಲಿಸಿ ನನ್ನ ಕೈ ಹಿಡಿದುಕೊಂಡರು. ಬೇರೆ ಮೂರು ಕಡೆ ಒತ್ತಿದೆ, ಅಷ್ಟು ನೋವಿಲ್ಲ. ಇದಕ್ಕೆ ಮರ್ಫಿ ಸೈನ್ ಎಂದು ಹೆಸರು, ಅಮೆರಿಕದ ಸರ್ಜನ್ ಜಾನ್ ಮರ್ಫಿಯಿಂದ ಬಂದದ್ದು. ಕಲ್ಲಿನ ಜೊತೆ ಇದೂ ಇದ್ದರೆ ಉರಿಯೂತ ಎಂದು ಹೇಳಲು ಬಹಳ ಧೈರ್ಯ ಬರುತ್ತದೆ. ಹೊಟ್ಟೆಯಲ್ಲಿ ಎಲ್ಲಿ ಮುಟ್ಟಿದರೂ ನೋಯುತ್ತಿದ್ದರೆ ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಈ ಪರೀಕ್ಷೆಗೂ ಮೋಸ ಹೋಗುವ ಗುಣ ಇದೆ. ಸ್ಕ್ಯಾನ್‌ಗೆ ಮೊದಲೇ ಜೋರಾದ ನೋವಿನ ಇಂಜೆಕ್ಷನ್ ಕೊಟ್ಟಿದ್ದರೆ ನೋವು ಗೊತ್ತಾಗದೇ ಇರಬಹುದು. ಸಕ್ಕರೆ ಕಾಯಿಲೆಯವರಲ್ಲಿ, ವಯಸ್ಸಾದವರಲ್ಲಿ ನೋವು ಮಂದ. ಗೋಡೆ ಕೊಳೆಯಲು ಶುರುವಾಗಿದ್ದರೆ ನರಗಳೇ ಸತ್ತು ನೋವು ಕಡಿಮೆಯಾದಂತೆ ಕಾಣುತ್ತದೆ, ಅದು ಎಲ್ಲಕ್ಕಿಂತ ಕೆಟ್ಟದ್ದು. ಒಳ್ಳೆಯ ರಿಪೋರ್ಟ್‌ನಲ್ಲಿ ಮರ್ಫಿ ನೆಗೆಟಿವ್ ಎಂದು ಬರೆದು, ನೋವಿನ ಔಷಧಿ ಕೊಟ್ಟ ಮೇಲೆ ನೋಡಿದ್ದು ಎಂದೂ ಸೇರಿಸಿರುತ್ತಾರೆ.

ಪೊನ್ನಂಪೇಟೆಯವರ ರಿಪೋರ್ಟ್‌ನ ಕೊನೆಯ ಸಾಲು: ಅಕ್ಯೂಟ್ ಕ್ಯಾಲ್ಕುಲಸ್ ಕೊಲೆಸಿಸ್ಟೈಟಿಸ್. ಕಲ್ಲಿನಿಂದಾದ ತೀವ್ರ ಉರಿಯೂತ ಎಂದರ್ಥ. ರಕ್ತದಲ್ಲಿ ಬಿಳಿ ಕಣ ಜಾಸ್ತಿ ಇತ್ತು, ಪಿತ್ತನಾಳ 4 ಮಿಲಿಮೀಟರ್, ಅಂದರೆ ಹಿಗ್ಗಿರಲಿಲ್ಲ. ಎರಡನೆಯ ದಿನವೇ ಸರ್ಜನ್ ಲ್ಯಾಪ್ರೋಸ್ಕೋಪಿಯಲ್ಲಿ ಪಿತ್ತಕೋಶ ತೆಗೆದರು. ತಡವಾದಷ್ಟೂ ಊದಿದ ಗೋಡೆ ಅಕ್ಕಪಕ್ಕಕ್ಕೆ ಅಂಟಿಕೊಂಡು ಬಿಡಿಸುವುದು ಕಷ್ಟವಾಗುತ್ತದೆ.

ಇದೇ ಕಲ್ಲು ಉರುಳಾಡಿಕೊಂಡು, ಗೋಡೆ ತೆಳ್ಳಗಿದ್ದು, ಮರ್ಫಿ ನೆಗೆಟಿವ್ ಆಗಿದ್ದರೆ ನಾನು ಬರೆಯುವುದು ಬರೀ ಕೊಲೆಲಿಥಿಯಾಸಿಸ್ ಎಂದು. ಕಲ್ಲಿದೆ, ಅಷ್ಟೇ. ಹೆಸರು ಉದ್ದ ಇದೆ ಎಂದು ಹೆದರಬೇಡಿ. ಬೇರೆ ಯಾವುದಕ್ಕೋ ಸ್ಕ್ಯಾನ್ ಮಾಡಿದಾಗ ಸಿಕ್ಕ ಇಂಥ ಮೌನ ಕಲ್ಲುಗಳಲ್ಲಿ ವರ್ಷಕ್ಕೆ ನೂರಕ್ಕೆ ಒಬ್ಬಿಬ್ಬರಿಗೆ ಮಾತ್ರ ತೊಂದರೆ ಶುರುವಾಗುತ್ತದೆ. ನೋವು ಬಂದು ಬಂದು ಹೋಗುತ್ತಿದ್ದವರ ಲೆಕ್ಕ ಬೇರೆ, ಅವರು ಸರ್ಜನ್ ಹತ್ತಿರ ಹೋಗಿ ದಿನ ಗೊತ್ತು ಮಾಡಿಕೊಳ್ಳುವುದು ಒಳ್ಳೆಯದು. ಕಲ್ಲು ದೊಡ್ಡದಾ ಸಣ್ಣದಾ ಎಂದು ಎಲ್ಲರೂ ಕೇಳುತ್ತಾರೆ. ಕುತ್ತಿಗೆಗೆ ಬಿರಡೆಯಾಗುವುದು ದೊಡ್ಡದಿರಬಹುದು, ಆದರೆ ಜಾರಿ ಪಿತ್ತನಾಳಕ್ಕೆ ಹೋಗಿ ಕಾಮಾಲೆ, ಮೇದೋಜೀರಕದ ಊತ ತರುವುದು ಹೆಚ್ಚಾಗಿ ಸಣ್ಣವೇ.

ಇನ್ನೊಬ್ಬರು ಬಂದದ್ದು ಆಗಸ್ಟ್‌ನಲ್ಲಿ, ಮಳೆ ಬಿಟ್ಟೂ ಬಿಡದ ದಿನ. ಸೋಮವಾರಪೇಟೆ ಕಡೆಯವರು, 52 ವರ್ಷ. ಪಿತ್ತಕೋಶದಲ್ಲಿ ಕಲ್ಲಿದೆ ಎಂದು ಮೊದಲೇ ಗೊತ್ತಿತ್ತು. ಐದು ದಿನದ ಜ್ವರ, ಮೈಕೈ ನೋವು, ಈಗ ಹೊಟ್ಟೆಯ ಬಲಭಾಗವೂ ಭಾರ. ಬೇರೆ ಕಡೆ ಆಗಲೇ ಒಂದು ಸ್ಕ್ಯಾನ್ ಆಗಿ, ಕಲ್ಲು ಮತ್ತು ದಪ್ಪ ಗೋಡೆ ಎಂದಷ್ಟೇ ಬರೆದು ಆಪರೇಷನ್ ಮಾತೂ ಬಂದಿತ್ತು.

ಇವರ ಗೋಡೆ ಮೊದಲಿನವರಿಗಿಂತ ದಪ್ಪ, 8 ಮಿಲಿಮೀಟರ್. ಆದರೆ ಚೀಲ ಉಬ್ಬಿರಲಿಲ್ಲ. 7 ಮಿಲಿಮೀಟರ್‌ನ ಎರಡು ಕಲ್ಲು, ತಿರುಗಿದ ತಕ್ಷಣ ಉರುಳಿದವು. ಕುತ್ತಿಗೆ ಖಾಲಿ. ಒತ್ತಿದರೆ, "ಭಾರ ಅನಿಸ್ತದೆ ಡಾಕ್ಟ್ರೇ, ನೋವಿಲ್ಲ" ಎಂದರು. ಗೋಡೆ ಸುತ್ತಲೂ ಒಂದೇ ಸಮ ಊದಿ, ಪದರ ಪದರವಾಗಿ ಕಾಣುತ್ತಿತ್ತು. ಪ್ರೋಬ್ ಕೆಳಗೆ ಜಾರಿಸಿದೆ, ಕಿಬ್ಬೊಟ್ಟೆಯಲ್ಲಿ ನೀರು. ಮೇಲಕ್ಕೆ ಒಯ್ದೆ, ಬಲ ಶ್ವಾಸಕೋಶದ ಬುಡದಲ್ಲೂ ನೀರು. ಅಲ್ಲಿಗೆ ವಿಷಯ ಗೊತ್ತಾಯಿತು. ಪಿತ್ತಕೋಶ ಒಂದೇ ಕೆಟ್ಟಿದ್ದರೆ ಎದೆಯ ಕಡೆಗೂ ಕಿಬ್ಬೊಟ್ಟೆಗೂ ಹೀಗೆ ನೀರು ಬರುವುದು ಅಪರೂಪ.

ಡೆಂಗಿ ಜ್ವರದಲ್ಲಿ ಸಣ್ಣ ರಕ್ತನಾಳಗಳು ಸೋರುತ್ತವೆ. ಸೋರಿದ ನೀರು ಸಡಿಲ ಜಾಗ ಹುಡುಕಿಕೊಂಡು ಹೋಗುತ್ತದೆ, ಪಿತ್ತಕೋಶದ ಗೋಡೆ ಅಂಥ ಒಂದು ಜಾಗ. ಹೃದಯ ಸೋತವರಲ್ಲಿ, ಲಿವರ್ ಗಟ್ಟಿಯಾದವರಲ್ಲಿ, ಲಿವರ್ ಊತದ ಕಾಮಾಲೆಯಲ್ಲಿ ಕೂಡ ಗೋಡೆ ಹೀಗೇ ಊದಬಹುದು. ಗೋಡೆಯ ಒಂದೇ ಕಡೆ ಗಡ್ಡೆಯಂತೆ ದಪ್ಪವಾಗಿದ್ದರೆ ಅದು ಬೇರೆಯೇ ವಿಚಾರ, ಅಲ್ಲಿ ಕ್ಯಾನ್ಸರ್ ಅಲ್ಲ ಎಂದು ಖಚಿತ ಮಾಡಿಕೊಳ್ಳಬೇಕು.

ಪರೀಕ್ಷೆಯಲ್ಲಿ ಡೆಂಗಿ ಪಾಸಿಟಿವ್ ಬಂತು, ಪ್ಲೇಟ್‌ಲೆಟ್ 42,000. ಆ ಹೊತ್ತಿನಲ್ಲಿ ಪಿತ್ತಕೋಶಕ್ಕೆ ಚಾಕು ಹಾಕಿದ್ದರೆ ರಕ್ತ ನಿಲ್ಲಿಸುವುದೇ ಕಷ್ಟವಾಗುತ್ತಿತ್ತು. ನಾನು ಬರೆದದ್ದು: ಪಿತ್ತಕೋಶದಲ್ಲಿ ಉರುಳುವ ಕಲ್ಲುಗಳಿವೆ, ಗೋಡೆಯ ಊತ ಡೆಂಗಿಯ ಸೋರಿಕೆಯಿಂದ ಇರಬಹುದು, ತೀವ್ರ ಉರಿಯೂತದ ಲಕ್ಷಣ ಇಲ್ಲ, ಜ್ವರ ಇಳಿದ ಮೇಲೆ ಮತ್ತೆ ನೋಡಬೇಕು.

ಹತ್ತು ದಿನ ಬಿಟ್ಟು ಮಗನ ಜೊತೆ ಬಂದರು. "ಕಾಫಿ ಕುಡಿದ್ರಾ ಅಮ್ಮ?" ಎಂದೆ. ಇಲ್ಲ ಎಂದು ತಲೆಯಾಡಿಸಿದರು, ಸ್ವಲ್ಪ ಮುನಿಸಿನಿಂದಲೇ. ಗೋಡೆ 2.5 ಮಿಲಿಮೀಟರ್‌ಗೆ ಇಳಿದಿತ್ತು, ನೀರೆಲ್ಲ ಒಣಗಿತ್ತು. ಎಡಕ್ಕೆ ತಿರುಗಿ ಎಂದಾಗ ಎರಡೂ ಕಲ್ಲು ಒಂದರ ಹಿಂದೆ ಒಂದು ಉರುಳಿ ಆ ಕಡೆ ಹೋಗಿ ಕೂತವು.