ನೆಟ್ಟಗೆ ಕೆಳಮುಖವಾದ ವಿಮಾನ ಮತ್ತು ಕಳೆದುಹೋದ ಅಕ್ಷ

ಯುನಿಟಿ ಎಂಜಿನ್‌ನಲ್ಲಿ ವಿಮಾನದ ಮಾದರಿಯೊಂದನ್ನು ಇಟ್ಟು, ಅದರ ತಿರುಗುವಿಕೆಯ ಚೌಕಗಳಲ್ಲಿ X = 90, Y = 30, Z = 0 ಎಂದು ತುಂಬಿದರೆ ಅದರ ಮೂಗು ನೆಟ್ಟಗೆ ನೆಲದತ್ತ ತಿರುಗುತ್ತದೆ. ಬಳಿಕ Y ಅನ್ನು 0 ಮಾಡಿ, Z ಗೆ -30 ಕೊಟ್ಟು ನೋಡಿದರೆ, ವಿಮಾನವು ಮೊದಲಿನ ಭಂಗಿಯಲ್ಲೇ ಇರುತ್ತದೆ.

ಈ ಮೂರು ಆಯ್ಲರ್ ಕೋನಗಳು ಒಟ್ಟಿಗೆ ಅನ್ವಯವಾಗುವುದಿಲ್ಲ. ಯುನಿಟಿಯಲ್ಲಿ ಮೊದಲು Z, ನಂತರ X, ಕೊನೆಗೆ Y. ಮೂಗು ಇನ್ನೂ ಮುಂದಕ್ಕೆ ಇರುವಾಗಲೇ ವಿಮಾನವು ಮೂಗಿನ ಅಕ್ಷದ ಸುತ್ತ Z ನಷ್ಟು ಹೊರಳುತ್ತದೆ. X ನ 90 ಡಿಗ್ರಿ ಆ ಅಕ್ಷವನ್ನೇ ಕೆಳಕ್ಕೆ ಬಾಗಿಸಿಬಿಡುತ್ತದೆ. ಆಮೇಲೆ ಬರುವ Y ಕೂಡ ಅದೇ ಲಂಬ ರೇಖೆಯ ಸುತ್ತ, ಆದರೆ ವಿರುದ್ಧ ದಿಕ್ಕಿನಲ್ಲಿ ತಿರುಗಿಸುತ್ತದೆ. ಹೀಗಾಗಿ ಅಂತಿಮ ಭಂಗಿಯನ್ನು ನಿರ್ಧರಿಸುವುದು Y − Z ಮಾತ್ರ, ಮತ್ತು ಎರಡೂ ಸಲ ಅದು 30. ಚೌಕಗಳು ಮೂರಿದ್ದರೂ ಸ್ವತಂತ್ರ ಚಲನೆಗಳು ಎರಡೇ ಉಳಿದಿವೆ: ಇದೇ ಗಿಂಬಲ್ ಲಾಕ್. ಕ್ರಮವನ್ನು ಬದಲಿಸಿದರೆ ತೊಂದರೆ ಬೇರೆ ಭಂಗಿಗೆ ಸರಿಯುತ್ತದೆಯೇ ಹೊರತು ತೊಲಗುವುದಿಲ್ಲ.

ಆಟದಲ್ಲಿ ಇದು ಸಾಮಾನ್ಯವಾಗಿ ನಡುಕವಾಗಿ ಕಾಣಿಸಿಕೊಳ್ಳುತ್ತದೆ. ಪ್ರತಿ ಫ್ರೇಮ್‌ನಲ್ಲೂ `eulerAngles` ಅನ್ನು ಓದಿ, X ಗೆ 2 ಕೂಡಿಸಿ, ಮರಳಿ ಬರೆಯುವ ಕೋಡ್ ಇದೆ ಎಂದಿಟ್ಟುಕೊಳ್ಳೋಣ. 89ಕ್ಕೆ 2 ಕೂಡಿಸಿ 91 ಎಂದು ಬರೆದರೆ, ಎಂಜಿನ್ ಅದೇ ಭಂಗಿಯನ್ನು (89, 180, 180) ಎಂದು ಓದಿ ಹೇಳುತ್ತದೆ. ಅದಕ್ಕೆ ಮತ್ತೆ 2 ಕೂಡಿಸಿದಾಗ ವಿಮಾನ (89, 0, 0) ಗೆ ಹಿಂದಿರುಗುತ್ತದೆ. ಲೂಪ್ ಹೊಡೆಯಬೇಕಾದ ವಿಮಾನ ಲಂಬದ ಆಚೀಚೆ ಅದುರುತ್ತಾ ನಿಂತುಬಿಡುತ್ತದೆ.

1843ರಲ್ಲಿ ವಿಲಿಯಂ ರೋವನ್ ಹ್ಯಾಮಿಲ್ಟನ್ ಕಂಡುಕೊಂಡ, ನಾಲ್ಕು ಸಂಖ್ಯೆಗಳ ಕ್ವಾಟರ್ನಿಯನ್‌ಗೆ ಈ ಕ್ರಮದ ಗೊಡವೆಯೇ ಇಲ್ಲ. ಒಂದು ಅಕ್ಷ, ಅದರ ಸುತ್ತ ಒಂದು ಕೋನ: ಅರ್ಧ ಕೋನದ ಕೊಸೈನ್ ಒಂದು ಸಂಖ್ಯೆಯಾದರೆ, ಅರ್ಧ ಕೋನದ ಸೈನ್‌ನಿಂದ ಗುಣಿಸಿದ ಅಕ್ಷ ಉಳಿದ ಮೂರು. ಈಗಿನ ಭಂಗಿಗೆ ಸಣ್ಣ ತಿರುವೊಂದನ್ನು ಗುಣಿಸಿದರೆ ಸಾಕು, ಮೂಗು ಎತ್ತ ಇದ್ದರೂ ವಿಮಾನ ತನ್ನದೇ ಅಕ್ಷದ ಸುತ್ತ ತಿರುಗುತ್ತದೆ.

```
transform.rotation *= Quaternion.AngleAxis(
    pitchSpeed * Time.deltaTime, Vector3.right);
```

ಹಾಗೆಂದು ಎಲ್ಲೆಡೆ ಇದನ್ನೇ ತುರುಕಬೇಕಾಗಿಲ್ಲ. ಕತ್ತನ್ನು 89 ಡಿಗ್ರಿಗೆ ಮಿತಿಗೊಳಿಸಿದ, ಪಕ್ಕಕ್ಕೆ ಹೊರಳದ ಶೂಟರ್ ಆಟದ ಕ್ಯಾಮೆರಾಕ್ಕೆ ಎರಡು ಕೋನಗಳನ್ನು ಪ್ರತ್ಯೇಕ ಚರಗಳಲ್ಲಿ ಇಟ್ಟುಕೊಳ್ಳುವುದೇ ಸರಳ; ಬಾಗಿಲಿಗಂತೂ ಒಂದೇ ಕೋನ ಸಾಕು. ವಿಮಾನ, ಅಂತರಿಕ್ಷ ನೌಕೆ, ಉರುಳುವ ಕಲ್ಲು ಮತ್ತು ಎರಡು ಭಂಗಿಗಳ ನಡುವಿನ ನಯವಾದ ಚಲನೆ, ಇವು ಕ್ವಾಟರ್ನಿಯನ್‌ನ ಕ್ಷೇತ್ರ. ಈ ಕೊನೆಯದಕ್ಕೆ ಕೆನ್ ಶೂಮೇಕ್ 1985ರಲ್ಲಿ ಪರಿಚಯಿಸಿದ ಸ್ಲರ್ಪ್ ವಿಧಾನ ಇಂದಿಗೂ ಬಳಕೆಯಲ್ಲಿದೆ. ಅದನ್ನು ಸ್ವತಃ ಬರೆಯುವವರು ಒಂದನ್ನು ಗಮನಿಸಬೇಕು: q ಮತ್ತು −q ಒಂದೇ ಭಂಗಿ. ಎರಡು ಕ್ವಾಟರ್ನಿಯನ್‌ಗಳ ಡಾಟ್ ಗುಣಲಬ್ಧ ಋಣವಾಗಿದ್ದಾಗ ಒಂದರ ಚಿಹ್ನೆಯನ್ನು ಬದಲಿಸದಿದ್ದರೆ, 20 ಡಿಗ್ರಿ ತಿರುಗಬೇಕಾದ ತಲೆ 340 ಡಿಗ್ರಿ ಸುತ್ತಿಕೊಂಡು ಬರುತ್ತದೆ.