ಪದ ಪರಿಚಯ: ಕ್ಯೂ (ನಿಂತಲ್ಲಿಂದ ಉದ್ದ ಜಿಗಿತದಲ್ಲಿ)

ರೇಷನ್ ಅಂಗಡಿಯ ಮುಂದಿನ ಕ್ಯೂ ಬೇರೆ, ಇದು ಬೇರೆ. ನಾಟಕದಲ್ಲಿ ಪಾತ್ರಧಾರಿಗೆ ಪಕ್ಕದಿಂದ ಸಿಗುವ ಸೂಚನೆ ಇದೆಯಲ್ಲ, ಮೈದಾನದ ಕ್ಯೂ ಅದರ ಹತ್ತಿರದ ನೆಂಟ. ಜಿಗಿಯುವ ಮಗುವಿನ ಗಮನ ಆ ಕ್ಷಣ ಎಲ್ಲಿರಬೇಕು ಎಂದು ಹೇಳುವ ಎರಡು ಮೂರು ಪದಗಳೇ ಕ್ಯೂ. ಜಿಗಿತ ಹೇಗೆ ನಡೆಯುತ್ತದೆ ಎಂಬ ವಿವರಣೆ ಕೋಚ್‌ನ ತಲೆಯಲ್ಲಿದ್ದರೆ ಸಾಕು. ಮಗುವಿಗೆ ಕ್ಯೂ ಮಾತ್ರ ಸಿಗಬೇಕು.

ಕ್ಯೂನಲ್ಲಿ ಎರಡು ಬಗೆ. ‘ಮಂಡಿಯನ್ನು ಜೋರಾಗಿ ನೀಡು’ ಎಂದರೆ ಗಮನ ಮೈಯೊಳಗೆ ಹೋಗುತ್ತದೆ. ‘ಆ ಕೋನ್ ಮುಟ್ಟುವಂತೆ ಜಿಗಿ’ ಎಂದರೆ ಹೊರಗೆ ಹೋಗುತ್ತದೆ. 2010ರಲ್ಲಿ ಅಮೆರಿಕದ ಕಾಲೇಜು ವಿದ್ಯಾರ್ಥಿಗಳ ಮೇಲೆ ನಡೆದ ಪ್ರಯೋಗದಲ್ಲಿ ಇದೇ ಜಿಗಿತಕ್ಕೆ ಈ ಎರಡೂ ಬಗೆಯ ಸೂಚನೆ ಕೊಟ್ಟು ನೋಡಿದರು. ಹೊರಗಿನ ಗುರಿ ಪಡೆದವರು ಸರಾಸರಿ ಸುಮಾರು 10 ಸೆಂ.ಮೀ. ಹೆಚ್ಚು ದೂರ ಹೋದರು. ಕೀಲುಗಳನ್ನು ಒಂದೊಂದಾಗಿ ನಿಭಾಯಿಸಲು ಹೊರಟರೆ ಚಲನೆ ತಡವರಿಸುತ್ತದೆ.

12 ವರ್ಷದ ಹುಡುಗಿಯೊಬ್ಬಳು 140 ಸೆಂ.ಮೀ. ಜಿಗಿಯುತ್ತಾಳೆ ಎಂದುಕೊಳ್ಳಿ. ಪಕ್ಕದಿಂದ ನೋಡಿದರೆ ನೇರ ಮೇಲಕ್ಕೆ ಹಾರಿ, ಇದ್ದಲ್ಲೇ ಇಳಿದಂತೆ ಕಾಣುತ್ತದೆ. ‘ಎತ್ತರಕ್ಕೆ ಹಾರು’ ಎಂದು ಯಾರೋ ಕಲಿಸಿರುತ್ತಾರೆ. 45 ಡಿಗ್ರಿಯಲ್ಲಿ ಎಸೆದ ಕಲ್ಲು ಹೆಚ್ಚು ದೂರ ಹೋಗುತ್ತದೆಂಬ ಶಾಲೆಯ ಪಾಠ ಇಲ್ಲಿ ನಡೆಯದು. ಮನುಷ್ಯನ ಕಾಲು ಮೇಲಕ್ಕೆ ತಳ್ಳುವಾಗ ಮೈಯ ಭಾರವನ್ನೂ ಎತ್ತಬೇಕು, ಹಾಗಾಗಿ ಕೋನ ಹೆಚ್ಚಿದಷ್ಟೂ ವೇಗ ಇಳಿಯುತ್ತದೆ. ಮೈ ಚೆನ್ನಾಗಿ ಮುಂದಕ್ಕೆ ವಾಲಿ, 45ಕ್ಕಿಂತ ಸಾಕಷ್ಟು ಕಡಿಮೆ ಕೋನದಲ್ಲಿ ನೆಲ ಬಿಟ್ಟರೆ ಲಾಭ. ಅವಳಿಗೆ ಒಂದೇ ಕ್ಯೂ: ‘ನೆಲವನ್ನು ಹಿಂದಕ್ಕೆ ತಳ್ಳು’. ಜೊತೆಗೆ 160 ಸೆಂ.ಮೀ. ಬಳಿ ಒಂದು ಚಾಕ್ ಗೆರೆ. ನೆಲ ಬಿಡುವ ಗಳಿಗೆಯಲ್ಲಿ ಹಿಮ್ಮಡಿ, ಸೊಂಟ, ಭುಜ ಒಂದೇ ಓರೆ ಗೆರೆಯಲ್ಲಿ ಕಂಡರೆ ಕ್ಯೂ ತಲುಪಿದೆ.

ಕೈಗಳಿಗೆ ‘ಎದುರಿನವರಿಗೆ ಚೆಂಡು ಎಸೆ’. ಎರಡೂ ಕೈ ಹಿಂದೆ ಹೋಗುವಾಗ ಮಂಡಿ ಬಾಗಬೇಕು, ಕೈ ಮುಂದೆ ಬೀಸುವಾಗ ಕಾಲು ತಳ್ಳಬೇಕು. ಕೈ ಬೀಸದಿದ್ದರೆ ಮೈ ಮುಂದಕ್ಕೆ ಮುಗ್ಗರಿಸುವ ಭಯಕ್ಕೆ ಕಾಲು ಪೂರ್ತಿ ತಳ್ಳುವುದೇ ಇಲ್ಲ. ಕೆಳಗೆ ಬಾಗಿ, ಕ್ಷಣ ನಿಂತು, ಆಮೇಲೆ ಜಿಗಿಯುವುದು ಸಾಮಾನ್ಯ ತಪ್ಪು. ನಿಂತರೆ ಸ್ನಾಯು ಹಿಗ್ಗಿ ಕೂಡಿಟ್ಟುಕೊಂಡ ಬಲ ಸೋರಿಹೋಗುತ್ತದೆ.

ಇಳಿಯುವುದೇ ನಿಜವಾದ ತಲೆನೋವು. ಅಳತೆ ಆರಂಭದ ಗೆರೆಯಿಂದ ಅದಕ್ಕೆ ಅತಿ ಹತ್ತಿರ ಬಿದ್ದ ಗುರುತಿನವರೆಗೆ. ಹಿಮ್ಮಡಿ 148ರಲ್ಲಿ ಇಳಿದು, ಹಿಂದಕ್ಕೆ ವಾಲಿ ಕೈ 115ರಲ್ಲಿ ಊರಿದರೆ ಬರೆದುಕೊಳ್ಳುವುದು 115. ಒಂದೇ ಕೈಯಿಂದ 33 ಸೆಂ.ಮೀ. ಹೋಯಿತು! ಇದರ ಹಿಂದೆ ಎಷ್ಟೋ ಸಲ ತಪ್ಪು ಕ್ಯೂ ಇರುತ್ತದೆ: ‘ಕುರ್ಚಿಯಲ್ಲಿ ಕೂತಂತೆ ಇಳಿ’. ನೇರ ಮೇಲಕ್ಕೆ ಹಾರಿ ಇಳಿಯುವಾಗ ಅದು ಒಳ್ಳೆಯ ಮಾತು. ಇಲ್ಲಿ ಪಾದ ಮೈಗಿಂತ ಮುಂದಿರುವುದರಿಂದ, ಕೂರಲು ಹೋದರೆ ಬೆನ್ನು ಹಿಂದೆ ಬೀಳುತ್ತದೆ. ಬದಲಿಗೆ ಗಾಳಿಯಲ್ಲಿದ್ದಾಗ ‘ಹಿಮ್ಮಡಿ ಗೆರೆಯಾಚೆ’, ನೆಲ ತಾಕಿದೊಡನೆ ‘ಮಂಡಿ ಮುಂದೆ, ಕೈ ಮುಂದೆ’. ಮಂಡಿ ಮಡಚಿ ಮುಂದೆ ಹೋದರೆ ಸೊಂಟ ಪಾದದ ಮೇಲಿಂದ ಸಾಗುತ್ತದೆ, ಪೆಟ್ಟೂ ಹೆಚ್ಚು ಹೊತ್ತಿಗೆ ಹಂಚಿಹೋಗುತ್ತದೆ. ಕಣ್ಣು ಮುಚ್ಚಿ ಕೇಳಿ: ‘ಧಪ್’ ಎಂದರೆ ಮಂಡಿ ಬಿಗಿಯಾಗಿತ್ತು. ಮುಂದಿನಿಂದ ನೋಡುವಾಗ ಮಂಡಿಗಳು ಒಂದಕ್ಕೊಂದು ಒಳಗೆ ವಾಲಿದರೆ ಅಂದಿನ ದೂರದ ಗುರಿಯನ್ನು ಇಳಿಸಿ, ‘ಮಂಡಿ ಕಿರುಬೆರಳ ಕಡೆ’ ಎನ್ನಿ.

‘ಹಿಮ್ಮಡಿ ಗೆರೆಯಾಚೆ’ ಮರಳಿಗೆ ಹೇಳಿದ್ದು. ಮುಂಬೈನ ಮಳೆಗಾಲದಲ್ಲಿ ಅಭ್ಯಾಸ ಶಾಲೆಯ ಹಾಲ್‌ಗೆ ಬಂದಾಗ, ಟೈಲ್ಸ್ ನೆಲದ ಮೇಲೆ ಹಿಮ್ಮಡಿ ಊರಿಸಬೇಡಿ; ಕಾಲು ಜಾರುತ್ತದೆ, ಪೆಟ್ಟು ನೇರ ಬೆನ್ನಿಗೇರುತ್ತದೆ. ಜಾರದ ಮ್ಯಾಟ್ ಬೇಕು, ಇಳಿಯುವಾಗ ಪಾದ ಪೂರ್ತಿ ಊರಬೇಕು. ಜಿಗಿಯುವುದೂ ಇಳಿಯುವುದೂ ಅದೇ ಮ್ಯಾಟ್ ಮೇಲಾಗಲಿ, ಇಲ್ಲದಿದ್ದರೆ ಕಡಿಮೆ ದೂರ ಜಿಗಿದವರ ಪಾದ ಮ್ಯಾಟ್‌ನ ಅಂಚಿಗೇ ಬಿದ್ದು ಕಣಕಾಲು ಹೊರಳುತ್ತದೆ. ಹೊರಗೆ ಮಳೆ ನಿಂತ ಮೇಲೂ ಮರಳು ಗಟ್ಟಿಯಾಗಿ ಕೂತಿರುತ್ತದೆ. ಅಗೆದು ಸಡಿಲ ಮಾಡದೆ ಜಿಗಿಸಬೇಡಿ.

ಇನ್ನು ಭಾಷೆ. ಇಲ್ಲಿನ ನಮ್ಮ ಮಕ್ಕಳಿಗೆ ಮನೆಯಲ್ಲಿ ಕನ್ನಡ, ಮೈದಾನದಲ್ಲಿ ಮರಾಠಿ, ಹಿಂದಿ. ‘ತಳ್ಳು’ ಆದರೂ ಸರಿ, ‘ಢಕಲ್’ ಆದರೂ ಸರಿ, ಒಂದು ಪದ ಆರಿಸಿಕೊಂಡು ಅದನ್ನೇ ಉಳಿಸಿಕೊಳ್ಳಿ. ಒಂದು ಜಿಗಿತಕ್ಕೆ ಒಂದೇ ಕ್ಯೂ, ಅದೂ ಜಿಗಿಯುವ ಮುಂಚೆ. ಐದಾರು ಜಿಗಿತದ ನಂತರವೂ ಬದಲಾವಣೆ ಕಾಣದಿದ್ದರೆ ದನಿ ಏರಿಸದೆ ಪದ ಬದಲಿಸಿ.