ಕಂಬಳಕ್ಕೆ ರಾಷ್ಟ್ರಪತಿಗಳ ಅಂಕಿತ ಯಾಕೆ ಬೇಕಾಯಿತು?

‘ಕಂಬಳ ನಮ್ಮೂರ ಆಟ. ಅದಕ್ಕೆ ದೆಹಲಿಯ ಒಪ್ಪಿಗೆ ಯಾಕೆ ಸಾರ್?’ ಎಂದು ಕರಾವಳಿ ಕಡೆಯವರು ಕೇಳುವುದುಂಟು. ಪ್ರಶ್ನೆ ಸರಿಯಾದದ್ದೇ. ಸಂವಿಧಾನದ ಏಳನೇ ಅನುಸೂಚಿಯಲ್ಲಿ ಕ್ರೀಡೆ ಇರುವುದು ರಾಜ್ಯ ಪಟ್ಟಿಯಲ್ಲಿ. ಆದರೆ ಕೋರ್ಟಿನಲ್ಲಿ ಜಗಳ ಎದ್ದದ್ದು ಓಟದ ಬಗ್ಗೆ ಅಲ್ಲ, ಕೋಣಕ್ಕೆ ಆಗುವ ನೋವಿನ ಬಗ್ಗೆ. ಪ್ರಾಣಿ ಹಿಂಸೆ ತಡೆ ಸಮವರ್ತಿ ಪಟ್ಟಿಯ 17ನೇ ನಮೂದು. ಅಲ್ಲಿ ಸಂಸತ್ತೂ ಕಾನೂನು ಮಾಡಬಹುದು, ವಿಧಾನಸಭೆಯೂ ಮಾಡಬಹುದು. ಸಂಸತ್ತು 1960ರಲ್ಲೇ ಮಾಡಿಬಿಟ್ಟಿತ್ತು.

ಒಂದೇ ವಿಷಯಕ್ಕೆ ಎರಡು ಕಾನೂನು ಇದ್ದ ಮಾತ್ರಕ್ಕೆ ಸಂಘರ್ಷ ಆಗುವುದಿಲ್ಲ. ನಾನು ಮೊದಲು ನೋಡುವುದು, ಎರಡನ್ನೂ ಒಟ್ಟಿಗೆ ಪಾಲಿಸಲು ಆಗುತ್ತದಾ ಎಂದು. ಓಟಕ್ಕೆ ಮೊದಲು ಪಶುವೈದ್ಯರ ತಪಾಸಣೆ ಆಗಲಿ ಎಂದು ರಾಜ್ಯ ಹೇಳಿದರೆ ಕೇಂದ್ರದ ಕಾನೂನಿಗೆ ಏನೂ ಅಡ್ಡಿಯಿಲ್ಲ. ಕೇಂದ್ರ ಅಪರಾಧ ಎಂದದ್ದನ್ನು ರಾಜ್ಯ ‘ಮಾಡಬಹುದು’ ಎಂದರೆ ಮಾತ್ರ ಪೇಚು. ಆಗ 254(1)ನೇ ವಿಧಿಯಂತೆ ಕೇಂದ್ರದ್ದೇ ಮೇಲು. ತಮಿಳುನಾಡಿನ 2009ರ ಜಲ್ಲಿಕಟ್ಟು ಕಾಯ್ದೆ ಸುಪ್ರೀಂ ಕೋರ್ಟಿನಲ್ಲಿ ಬಿದ್ದದ್ದು ಹೀಗೆ, 2014ರಲ್ಲಿ.

ದಾರಿ ಇರುವುದು 254(2)ರಲ್ಲಿ. ರಾಜ್ಯದ ಮಸೂದೆಯನ್ನು ರಾಷ್ಟ್ರಪತಿಗಳಿಗೆ ಕಾದಿರಿಸಿ ಅಂಕಿತ ಪಡೆದರೆ, ಆ ರಾಜ್ಯದ ಮಟ್ಟಿಗೆ ಅದೇ ನಡೆಯುತ್ತದೆ. 2016ರಲ್ಲಿ ಹೈಕೋರ್ಟಿನ ಮಧ್ಯಂತರ ಆದೇಶದಿಂದ ಕಂಬಳ ನಿಂತ ಮೇಲೆ ಕರ್ನಾಟಕ ಹಿಡಿದದ್ದು ಇದೇ ದಾರಿ. ಬೇರೆ ಕಂಬಳ ಕಾಯ್ದೆ ಬರೆಯಲು ಹೋಗಲಿಲ್ಲ. 1960ರ ಕೇಂದ್ರ ಕಾಯ್ದೆಗೇ ಕರ್ನಾಟಕದ ಮಟ್ಟಿಗೆ ತಿದ್ದುಪಡಿ ಮಾಡಿ, ಕಂಬಳಕ್ಕೂ ಎತ್ತಿನ ಗಾಡಿ ಓಟಕ್ಕೂ ವಿನಾಯಿತಿ ಸೇರಿಸಿತು. ಜಾಣ ಕೆಲಸ ಅಂತಲೇ ನನ್ನ ಅಭಿಪ್ರಾಯ. ಯಾವ ಕಾನೂನಿನ ಎದುರು ರಕ್ಷಣೆ ಬೇಕು ಎಂಬುದು ಮಸೂದೆಯಲ್ಲೇ ಎದ್ದು ಕಾಣುತ್ತದೆ.

ಇದು ಸಣ್ಣ ಮಾತಲ್ಲ. ಅಂಕಿತ ಸಿಕ್ಕಿತು ಅಂದರೆ ಎಲ್ಲ ಕೇಂದ್ರ ಕಾನೂನುಗಳಿಂದಲೂ ಬಿಡುಗಡೆ ಅಂತ ತಿಳಿಯುವವರು ಜಾಸ್ತಿ. ಹಾಗಿಲ್ಲ. ಕಡತದಲ್ಲಿ ಯಾವ ಕೇಂದ್ರ ಕಾನೂನಿನ ಜೊತೆಗಿನ ಸಂಘರ್ಷವನ್ನು ತೋರಿಸಿ ಅಂಕಿತ ಕೇಳಿದ್ದರೋ ಅದರ ಮಟ್ಟಿಗೆ ಮಾತ್ರ ರಕ್ಷಣೆ ಎಂದು ಸುಪ್ರೀಂ ಕೋರ್ಟ್ 2002ರಲ್ಲಿ ಹೇಳಿದೆ. ಹಾಗಾಗಿ ಇಂಥ ಕೇಸು ಬಂದರೆ ಗೆಜೆಟ್ ಸಾಲದು, ರಾಷ್ಟ್ರಪತಿಗಳಿಗೆ ಹೋದ ಟಿಪ್ಪಣಿಯನ್ನೂ ತರಿಸಿ ಓದಬೇಕು.

ಕಂಬಳದ ತಿದ್ದುಪಡಿಗೆ 2018ರ ಫೆಬ್ರವರಿಯಲ್ಲಿ ಅಂಕಿತ ಬಿತ್ತು. 2023ರ ಮೇ ತಿಂಗಳಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಅದನ್ನು ತಮಿಳುನಾಡು, ಮಹಾರಾಷ್ಟ್ರಗಳ ತಿದ್ದುಪಡಿಗಳ ಜೊತೆ ಎತ್ತಿಹಿಡಿಯಿತು. ಆದರೆ ಇದು ಶಾಶ್ವತ ಪಟ್ಟಾ ಅಲ್ಲ. ಸಂಸತ್ತು ನಾಳೆ ಇದೇ ವಿಷಯಕ್ಕೆ ಹೊಸ ಕಾನೂನು ತಂದು ರಾಜ್ಯದ್ದನ್ನು ರದ್ದು ಮಾಡಬಹುದು. ಹಾಗೆ ಬಂದರೆ ಹಳೆಯ ಅಂಕಿತ ಕಾಪಾಡುವುದಿಲ್ಲ.